ಬಾಯಿಮಾತಿನಲ್ಲಿ ಸಿಕ್ಕ ರಜೆಗೆ ಖಚಿತಪಡಿಸುವ ಇಮೇಲ್: ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ, ತೀರ್ಥಹಳ್ಳಿ, ಸಾಗರದ ಕಡೆಯ ಖಾಸಗಿ ಕಚೇರಿ, ಶೋರೂಮ್, ಗೋದಾಮು, ಸಾಲ ಸಂಸ್ಥೆಗಳ ಶಾಖೆಗಳಲ್ಲಿ ದುಡಿಯುವವರಿಗಾಗಿ ಇದನ್ನು ಬರೆದಿದ್ದೇನೆ. ನಮ್ಮಲ್ಲಿ ರಜೆ ಹೆಚ್ಚಾಗಿ ಸಿಗುವುದು ಮಾತಿನಲ್ಲಿಯೇ. ಅಡಿಕೆ ಕೊಯ್ಲಿಗೆ, ಜಾತ್ರೆಗೆ, ಮನೆಯ ಮದುವೆಗೆ ಎಂದು ಕೇಳುತ್ತೇವೆ, ಮ್ಯಾನೇಜರ್ "ಆಯಿತು, ಹೋಗಿ ಬನ್ನಿ" ಎನ್ನುತ್ತಾರೆ. ತಿಂಗಳ ಕೊನೆಗೆ ಸಂಬಳದ ಚೀಟಿಯಲ್ಲಿ ಆ ಮಾತಿನ ಗುರುತೇ ಇರುವುದಿಲ್ಲ.

ಮ್ಯಾನೇಜರ್ ಒಪ್ಪಿದ ಮೇಲೂ ಮೇಲ್ ಯಾಕೆ ಬೇಕು?

ಒಪ್ಪುವವರು ಒಬ್ಬರು, ಸಂಬಳ ಲೆಕ್ಕ ಹಾಕುವವರು ಇನ್ನೊಬ್ಬರು. ಶಾಖೆ ಶಿವಮೊಗ್ಗದಲ್ಲಿದ್ದರೂ ಹಾಜರಾತಿಯ ಲೆಕ್ಕ ಬೆಂಗಳೂರಿನಲ್ಲಿಯೋ ಹುಬ್ಬಳ್ಳಿಯಲ್ಲಿಯೋ ನಡೆಯುತ್ತಿರುತ್ತದೆ. ಅಲ್ಲಿ ಕುಳಿತವರ ಮುಂದೆ ಇರುವುದು ಬೆರಳಚ್ಚು ಯಂತ್ರದ ಪಟ್ಟಿ ಮಾತ್ರ. ನೀವು ಬೆರಳು ಒತ್ತಿಲ್ಲ, ಪೋರ್ಟಲ್‌ನಲ್ಲಿ ಮಂಜೂರಾದ ರಜೆಯೂ ಕಾಣುವುದಿಲ್ಲ ಎಂದಾದರೆ ಅವರಿಗೆ ನೀವು ಗೈರುಹಾಜರು. ಮ್ಯಾನೇಜರ್ ಮಾತಿಗೆ ತಪ್ಪದೆ ಇದ್ದರೂ ಹೀಗಾಗುತ್ತದೆ. ಅವರು ಮರೆಯಬಹುದು, ವರ್ಗವಾಗಿ ಹೋಗಬಹುದು, ಕೆಲಸವನ್ನೇ ಬಿಡಬಹುದು.

ಇನ್ನೊಂದು ಕಾರಣ ನನಗೆ ಇದಕ್ಕಿಂತ ದೊಡ್ಡದು. ಮಾತಿನಲ್ಲಿ ಇಬ್ಬರೂ ಬೇರೆ ಬೇರೆ ದಿನಗಳನ್ನು ಮನಸ್ಸಿನಲ್ಲಿಟ್ಟುಕೊಂಡಿರುತ್ತಾರೆ. "ನಾಲ್ಕೈದು ದಿನ" ಎಂದಾಗ ಕೇಳಿದವರಿಗೆ ಐದು, ಕೊಟ್ಟವರಿಗೆ ನಾಲ್ಕು. ಬರೆದಾಗ ಆ ವ್ಯತ್ಯಾಸ ನೀವು ಊರಿಗೆ ಹೋಗುವ ಮೊದಲೇ ಹೊರಬೀಳುತ್ತದೆ. ಹೋಗಿ ಬಂದ ಮೇಲೆ ಹೊರಬಿದ್ದರೆ ಅದು ಜಗಳ.

ರಜೆ ಅರ್ಜಿಗೂ ಈ ಮೇಲ್‌ಗೂ ಏನು ವ್ಯತ್ಯಾಸ?

ಅರ್ಜಿ ಎಂದರೆ ಕೇಳುವುದು. ಈ ಮೇಲ್ ಆಗಲೇ ಸಿಕ್ಕಿರುವುದನ್ನು ಬರೆದಿಡುವುದು. ಬಹಳ ಜನ ಎಡವುವುದು ಇಲ್ಲಿಯೇ. ಅಭ್ಯಾಸಬಲದಿಂದ "ರಜೆ ಮಂಜೂರು ಮಾಡಬೇಕಾಗಿ ವಿನಂತಿ" ಎಂದು ಬರೆದುಬಿಡುತ್ತಾರೆ. ಆ ಒಂದು ಸಾಲಿನಿಂದ ಒಪ್ಪಿಗೆ ಇನ್ನೂ ಸಿಕ್ಕಿಲ್ಲ ಎಂದು ನೀವೇ ಬರೆದುಕೊಟ್ಟ ಹಾಗಾಗುತ್ತದೆ. ಆ ಮೇಲ್‌ಗೆ ಉತ್ತರ ಬರದಿದ್ದರೆ, ಅರ್ಜಿ ಹಾಕಿ ಒಪ್ಪಿಗೆಗೆ ಕಾಯದೆ ಹೋದವರ ಸಾಲಿಗೆ ನೀವು ಸೇರುತ್ತೀರಿ.

ಆದ್ದರಿಂದ ಕ್ರಿಯಾಪದ ಭೂತಕಾಲದಲ್ಲಿರಲಿ: "ಇಂದು ಮಾತನಾಡಿದಾಗ ತಾವು ಒಪ್ಪಿಗೆ ನೀಡಿದ್ದೀರಿ." ಇದು ನಿಜವಾಗಿದ್ದರೆ ಮಾತ್ರ ಹಾಗೆ ಬರೆಯಿರಿ. ಮ್ಯಾನೇಜರ್ "ನೋಡೋಣ" ಎಂದಿದ್ದರೆ, ಇಲ್ಲವೇ ತಲೆಯಾಡಿಸಿ ಸುಮ್ಮನಾಗಿದ್ದರೆ ಅದು ಒಪ್ಪಿಗೆಯಲ್ಲ. ಆಗ ಅರ್ಜಿಯನ್ನೇ ಬರೆಯಬೇಕು.

ಒಂದು ಉದಾಹರಣೆಯ ಮೂಲಕ ತೋರಿಸಬಹುದೇ?

ಶಿವಮೊಗ್ಗದಲ್ಲಿ ವಾಹನದ ಬಿಡಿಭಾಗಗಳ ಗೋದಾಮು ನೋಡಿಕೊಳ್ಳುವ ನೌಕರರೊಬ್ಬರು ಇದ್ದಾರೆ ಎಂದುಕೊಳ್ಳೋಣ. ಮನೆ ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿ, ಸ್ವಲ್ಪ ಅಡಿಕೆ ತೋಟವಿದೆ. ಕೊಯ್ಲಿನ ದಿನವನ್ನು ತೋಟದವರು ತಾವಾಗಿ ನಿಗದಿ ಮಾಡಲು ಆಗುವುದಿಲ್ಲ; ಕೊನೆ ತೆಗೆಯುವವರ ಸರದಿ ಯಾವಾಗ ಬರುತ್ತದೆಯೋ ಆಗಲೇ ಕೊಯ್ಲು. 2025ರ ನವೆಂಬರ್ 13, ಗುರುವಾರದಿಂದ ಸರದಿ ಎಂದು ಮನೆಯಿಂದ ಫೋನ್ ಬಂತು. ನವೆಂಬರ್ 6ರ ಮಧ್ಯಾಹ್ನ ಶಾಖೆಗೆ ಬಂದಿದ್ದ ಪ್ರಾದೇಶಿಕ ಮ್ಯಾನೇಜರ್ ಕಾರು ಹತ್ತುವ ಹೊತ್ತಿಗೆ ನೌಕರರು ವಿಷಯ ತಿಳಿಸಿದರು. "ಆಯಿತು, ನಾಲ್ಕೈದು ದಿನ ತಾನೇ? ಹೋಗಿ ಬನ್ನಿ. ಸ್ಟಾಕ್ ನೋಡಿಕೊಳ್ಳಲು ಯಾರಿಗಾದರೂ ಹೇಳಿ ಹೋಗಿ" ಎಂದು ಮ್ಯಾನೇಜರ್ ಹೊರಟರು.

ಒಪ್ಪಿಗೆ ಸ್ಪಷ್ಟ, ಆದರೆ ಒಳಗೆ ಮೂರು ತೂತುಗಳಿವೆ. ನಾಲ್ಕೋ ಐದೋ? ನಡುವಿನ ಭಾನುವಾರ ಲೆಕ್ಕಕ್ಕೆ ಬರುತ್ತದೆಯೋ ಇಲ್ಲವೋ? ಯಾವ ಬಗೆಯ ರಜೆ? ನೌಕರರು ಅದೇ ಸಂಜೆ ಕೆಲಸ ಮುಗಿಸುವ ಮೊದಲು ಬರೆದ ಮೇಲ್ ಹೀಗಿರಬಹುದು:

> ವಿಷಯ: ರಜೆ, 13ರಿಂದ 18 ನವೆಂಬರ್ 2025: ಇಂದಿನ ಮಾತುಕತೆಯಂತೆ
>
> ಸರ್,
>
> ಇಂದು, ನವೆಂಬರ್ 6, ಗುರುವಾರ ಮಧ್ಯಾಹ್ನ ಸುಮಾರು 3.30ಕ್ಕೆ ಶಿವಮೊಗ್ಗ ಶಾಖೆಯಲ್ಲಿ ಮಾತನಾಡಿದಾಗ ಮನೆಯ ಅಡಿಕೆ ಕೊಯ್ಲಿಗಾಗಿ ನನ್ನ ರಜೆಗೆ ತಾವು ಒಪ್ಪಿಗೆ ನೀಡಿದ್ದೀರಿ. ಧನ್ಯವಾದಗಳು.
>
> ನವೆಂಬರ್ 13, ಗುರುವಾರದಿಂದ ನವೆಂಬರ್ 18, ಮಂಗಳವಾರದವರೆಗೆ ರಜೆಯಲ್ಲಿರುತ್ತೇನೆ. 16ರ ಭಾನುವಾರ ವಾರದ ರಜೆಯಾದ್ದರಿಂದ ಒಟ್ಟು ಐದು ದಿನಗಳ ಗಳಿಕೆ ರಜೆ. ನವೆಂಬರ್ 19, ಬುಧವಾರ ಬೆಳಿಗ್ಗೆ ಕೆಲಸಕ್ಕೆ ಹಾಜರಾಗುತ್ತೇನೆ.
>
> ತಾವು ಹೇಳಿದಂತೆ ಸ್ಟಾಕ್ ನೋಡಿಕೊಳ್ಳಲು ಬಿಲ್ಲಿಂಗ್ ವಿಭಾಗದ ಸಹೋದ್ಯೋಗಿ ಒಪ್ಪಿದ್ದಾರೆ. 12ರ ಸಂಜೆ ಅವರಿಗೆ ಬೀಗದ ಕೈ ಮತ್ತು ಪುಸ್ತಕ ಒಪ್ಪಿಸುತ್ತೇನೆ. ಪೋರ್ಟಲ್‌ನಲ್ಲಿಯೂ ಇಂದೇ ರಜೆ ನಮೂದಿಸಿದ್ದೇನೆ.
>
> ಇದರಲ್ಲಿ ನಾನು ತಪ್ಪಾಗಿ ತಿಳಿದುಕೊಂಡಿದ್ದು ಏನಾದರೂ ಇದ್ದರೆ 10ರ ಸೋಮವಾರದೊಳಗೆ ತಿಳಿಸಿ, ಸರಿಪಡಿಸಿಕೊಳ್ಳುತ್ತೇನೆ.

ಮರುದಿನ ಮ್ಯಾನೇಜರ್ ಉತ್ತರಿಸಿದರು: "18ಕ್ಕೆ ಸ್ಟಾಕ್ ಎಣಿಕೆ ಇದೆ. ಸೋಮವಾರದವರೆಗೆ ತೆಗೆದುಕೊಳ್ಳಿ, ಮಂಗಳವಾರ ಬನ್ನಿ." ಒಂದು ದಿನ ಕಡಿಮೆಯಾಯಿತು, ನಿಜ. ಆದರೆ ಎಣಿಕೆಯ ಬೆಳಿಗ್ಗೆ "ಎಲ್ಲಿದ್ದೀರಿ?" ಎಂಬ ಫೋನ್ ಅಡಿಕೆ ಚಪ್ಪರದ ಕೆಳಗೆ ಬರುವುದು ತಪ್ಪಿತು. ನೌಕರರು ಅದೇ ಮೇಲ್‌ಗೆ ಉತ್ತರವಾಗಿ, "ಆಗಲಿ ಸರ್. 13, 14, 15 ಮತ್ತು 17, ಒಟ್ಟು ನಾಲ್ಕು ದಿನ. 18ರ ಮಂಗಳವಾರ ಬೆಳಿಗ್ಗೆ ಹಾಜರಾಗುತ್ತೇನೆ. ಪೋರ್ಟಲ್‌ನಲ್ಲಿ ತಿದ್ದಿದ್ದೇನೆ" ಎಂದು ಬರೆದರು. ಈಗ ದಾಖಲೆ ಪೂರ್ತಿಯಾಯಿತು. ಈ ಕತೆಯ ಉಳಿದ ಭಾಗ ಸಂಬಳದ ಪ್ರಶ್ನೆಯಲ್ಲಿ ಬರುತ್ತದೆ.

ಮೇಲ್‌ನಲ್ಲಿ ಯಾವುದನ್ನು ಬಿಡಲೇಬಾರದು?

ಯಾವತ್ತು, ಎಲ್ಲಿ, ಯಾರು ಒಪ್ಪಿದರು ಎಂಬುದು. ರಜೆಯ ಮೊದಲ ದಿನ, ಕೊನೆಯ ದಿನ, ಮರಳಿ ಬರುವ ದಿನ. ಪ್ರತಿ ದಿನಾಂಕದ ಜೊತೆ ವಾರದ ಹೆಸರನ್ನೂ ಬರೆಯಿರಿ. 18 ಎಂದು ಬರೆಯುವಾಗ 19 ಆಗಿಬಿಟ್ಟರೆ ಪಕ್ಕದ "ಮಂಗಳವಾರ" ಆ ತಪ್ಪನ್ನು ಹಿಡಿದುಕೊಡುತ್ತದೆ. "18ರವರೆಗೆ" ಎಂದಷ್ಟೇ ಬರೆದರೆ 18ರಂದು ನೀವು ಕೆಲಸದಲ್ಲಿದ್ದೀರೋ ರಜೆಯಲ್ಲಿದ್ದೀರೋ ಎಂಬ ಗೊಂದಲ ಉಳಿಯುತ್ತದೆ. ಮರಳುವ ದಿನವನ್ನು ಬೇರೆಯಾಗಿ ಬರೆಯುವುದು ಅದಕ್ಕೇ.

ಭಾನುವಾರದ ಮಾತು ಸ್ವಲ್ಪ ಸೂಕ್ಷ್ಮ. ರಜೆಯ ಎರಡೂ ಕಡೆಯಿಂದ ಸಿಕ್ಕಿಕೊಂಡ ವಾರದ ರಜೆಯನ್ನೂ ರಜೆಯೆಂದೇ ಎಣಿಸುವ ನಿಯಮ ಕೆಲವು ಸಂಸ್ಥೆಗಳಲ್ಲಿದೆ. ಕಚೇರಿಯವರು ಅದನ್ನು ಸ್ಯಾಂಡ್‌ವಿಚ್ ರಜೆ ಎನ್ನುತ್ತಾರೆ. ನಿಮ್ಮಲ್ಲಿ ಆ ನಿಯಮವಿದ್ದರೆ ಮೇಲಿನ ಉದಾಹರಣೆಯ ನಾಲ್ಕು ದಿನ ಐದಾಗುತ್ತದೆ. ನಿಮ್ಮ ಎಣಿಕೆಯನ್ನು ಮೇಲ್‌ನಲ್ಲಿ ಬಿಡಿಸಿ ಹೇಳಿದ್ದರೆ ಮ್ಯಾನೇಜರ್ ಇಲ್ಲವೇ ಎಚ್‌ಆರ್‌ನವರು ಮೊದಲೇ ತಿದ್ದುತ್ತಾರೆ.

ರಜೆಯ ಕಾರಣವನ್ನು ಒಂದು ಮಾತಿನಲ್ಲಿ ಹೇಳಿದರೆ ಸಾಕು. ಕಾಯಿಲೆಯ ವಿವರ, ಮನೆಯೊಳಗಿನ ತಾಪತ್ರಯ ಹತ್ತು ಜನ ಓದಬಹುದಾದ ಮೇಲ್‌ನಲ್ಲಿ ಬೇಡ.

ಯಾವಾಗ ಕಳುಹಿಸಬೇಕು?

ಅದೇ ದಿನ. ಮಾತಾಡಿದ ಒಂದೆರಡು ಗಂಟೆಯೊಳಗಾದರೆ ಇನ್ನೂ ಒಳ್ಳೆಯದು. ಮಾತು ನಡೆದ ಹೊತ್ತಿಗೆ ಹತ್ತಿರವಿದ್ದಷ್ಟೂ ಬರಹಕ್ಕೆ ಬೆಲೆ ಹೆಚ್ಚು. ತಡವಾಗಿದ್ದರೂ ಕಳುಹಿಸಿ, ಆದರೆ ತಡವಾದದ್ದನ್ನು ಮುಚ್ಚಿಡಬೇಡಿ: "ಕಳೆದ ಗುರುವಾರ ತಾವು ಒಪ್ಪಿದ ರಜೆಯ ವಿವರವನ್ನು ಇಂದು ಬರೆಯುತ್ತಿದ್ದೇನೆ" ಎನ್ನಿ. ಸಂಬಳ ಕಡಿತವಾದ ಮೇಲೆ ಮೊದಲ ಬಾರಿಗೆ ಬರೆದ ಮೇಲ್ ದಾಖಲೆಗಿಂತ ವಾದದಂತೆ ಕಾಣುತ್ತದೆ.

ಊರಿನಲ್ಲಿ ನೆಟ್‌ವರ್ಕ್ ಇಲ್ಲದಿದ್ದರೆ?

ಇದು ನಮ್ಮ ಕಡೆಯ ನಿಜವಾದ ತೊಂದರೆ. ಬಸ್ಸಿನಲ್ಲಿ ಕುಳಿತು ಮೇಲ್ ಬರೆದು, ಕಳುಹಿಸುವ ಗುಂಡಿ ಒತ್ತಿ, ಮೊಬೈಲ್ ಜೇಬಿಗೆ ಹಾಕುತ್ತೀರಿ. ಅಷ್ಟರಲ್ಲಿ ಬಸ್ ಕಾಡಿನ ದಾರಿ ಹಿಡಿದಿರುತ್ತದೆ. ಮೇಲ್ ಹೋಗದೆ ನಿಮ್ಮ ಮೊಬೈಲ್‌ನಲ್ಲಿಯೇ ಕುಳಿತಿರುತ್ತದೆ. ಜಿಮೇಲ್‌ನಲ್ಲಾದರೆ ಅಂಥ ಮೇಲ್ `Outbox` ಎಂಬಲ್ಲಿ `Queued` ಎಂಬ ಗುರುತಿನೊಂದಿಗೆ ಕಾಣುತ್ತದೆ. `Sent` ಒಳಗೆ ಕಂಡರೆ ಮಾತ್ರ ಹೋಗಿದೆ ಎಂದು ಅರ್ಥ. ಮಳೆಗಾಲದಲ್ಲಿ ಹೊಸನಗರ, ಆಗುಂಬೆಯ ಕಡೆ ಕರೆಂಟು ಹೋಗಿ ಟವರ್ ಕೂಡ ನಿಂತರೆ ಆ ಮೇಲ್ ದಿನಗಟ್ಟಲೆ ಅಲ್ಲಿಯೇ ಇರಬಹುದು. ಮತ್ತೆ ಸಿಗ್ನಲ್ ಬಂದಾಗ ಹೋಗುತ್ತದೆ, ಅಷ್ಟು ಹೊತ್ತಿಗೆ ನಿಮ್ಮ ರಜೆಯೇ ಮುಗಿದಿರುತ್ತದೆ.

ಹಾಗಾಗಿ ಶಾಖೆಯಿಂದ ಹೊರಡುವ ಮೊದಲೇ ಕಳುಹಿಸಿ, `Sent` ಒಳಗೆ ಒಮ್ಮೆ ನೋಡಿ. ಜೊತೆಗೆ ನಿಮ್ಮ ಇನ್‌ಬಾಕ್ಸ್ ಅನ್ನೂ ನೋಡಿ. ವಿಳಾಸದಲ್ಲಿ ಒಂದು ಅಕ್ಷರ ತಪ್ಪಿದರೂ ಮೇಲ್ ತಲುಪಲಿಲ್ಲ ಎಂಬ ಸೂಚನೆ ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ವಾಪಸ್ ಬರುತ್ತದೆ. ಹಾಗೆ ವಾಪಸಾದ ಮೇಲ್ ಕೂಡ `Sent` ಒಳಗೆ ಇರುತ್ತದೆ, ಅದನ್ನಷ್ಟೇ ನಂಬಿ ಮೋಸಹೋಗಬೇಡಿ.

ಮ್ಯಾನೇಜರ್ ಉತ್ತರವನ್ನೇ ಕೊಡದಿದ್ದರೆ?

ಮೌನವನ್ನು ಒಪ್ಪಿಗೆ ಎಂದು ಹೇಳಲು ಬರುವುದಿಲ್ಲ. "ಉತ್ತರ ಬರದಿದ್ದರೆ ಒಪ್ಪಿದಂತೆ ಭಾವಿಸುತ್ತೇನೆ" ಎಂದು ಬರೆಯುವವರಿದ್ದಾರೆ. ನನಗೆ ಆ ಸಾಲು ಸರಿ ಕಾಣುವುದಿಲ್ಲ. ಒಪ್ಪಿಗೆ ಕೊಡುವುದು ಮ್ಯಾನೇಜರ್ ಕೆಲಸ. ನಿಮ್ಮ ಮೇಲ್ ಅದನ್ನು ಹುಟ್ಟಿಸಲಾರದು. ಓದಿದವರಿಗೆ ಬೆದರಿಕೆಯ ಧ್ವನಿಯೂ ಕೇಳಿಸುತ್ತದೆ.

ಹಾಗೆಂದು ಉತ್ತರವಿಲ್ಲದ ಮೇಲ್ ವ್ಯರ್ಥವೇನಲ್ಲ. ಒಪ್ಪಿಗೆ ಸಿಕ್ಕಿತೆಂದು ನೀವು ಆ ದಿನವೇ ಬರೆದಿರಿ, ತಿದ್ದಲು ಅವರಿಗೆ ಸಮಯವಿತ್ತು, ಅವರು ತಿದ್ದಲಿಲ್ಲ. ಇಷ್ಟು ಅದರಿಂದ ಕಾಣುತ್ತದೆ. ಆದರೂ ರಜೆಗೆ ಒಂದೆರಡು ದಿನ ಮೊದಲು ಅದೇ ಮೇಲ್‌ನ ಕೆಳಗೆ, "ಸರ್, 13ರಿಂದ ರಜೆಯಲ್ಲಿರುತ್ತೇನೆ. ನೋಡಿದ್ದೀರಿ ಎಂದು ಒಂದು ಮಾತು ತಿಳಿಸಿದರೆ ಅನುಕೂಲ" ಎಂದು ಬರೆಯಿರಿ. ಅದಕ್ಕೂ ಉತ್ತರವಿಲ್ಲದಿದ್ದರೆ ಫೋನ್ ಮಾಡಿ. ಫೋನಿನಲ್ಲಿ "ಹೇಳಿದ್ದೇನಲ್ಲ, ಹೋಗಿ" ಎಂದರೆ ಮತ್ತೆ ಅದೇ ಮೇಲ್‌ಗೆ ಒಂದು ಸಾಲು ಸೇರಿಸಿ: "ಈಗ 11.15ಕ್ಕೆ ಫೋನಿನಲ್ಲಿ ತಾವು ಮತ್ತೆ ಖಚಿತಪಡಿಸಿದ್ದೀರಿ."

"ನನ್ನ ಮಾತಿನ ಮೇಲೆ ನಂಬಿಕೆ ಇಲ್ಲವೇ?" ಎಂದು ಬೇಸರಿಸಿಕೊಂಡರೆ?

ಮ್ಯಾನೇಜರ್ ಅದೇ ಊರಿನವರಾಗಿ, ಮನೆಯವರೆಲ್ಲ ಪರಿಚಿತರಾಗಿರುವ ಕಡೆ ಈ ಅಳುಕು ಸಹಜ. ಅಲ್ಲಿ ಮೇಲ್ ಇದ್ದಕ್ಕಿದ್ದಂತೆ ಬಂದು ಬೀಳಬಾರದು. ಮಾತಾಡುವಾಗಲೇ ಹೇಳಿಬಿಡಿ: "ಸರ್, ಹಾಜರಾತಿಯವರಿಗೆ ಗೊಂದಲ ಆಗದಿರಲಿ ಎಂದು ದಿನಾಂಕಗಳನ್ನು ಮೇಲ್‌ನಲ್ಲಿ ಹಾಕಿಡುತ್ತೇನೆ." ಇದು ನೆಪವಲ್ಲ, ನಿಜವಾದ ಕಾರಣ. ಮ್ಯಾನೇಜರ್ ಎಚ್‌ಆರ್‌ಗೆ ಉತ್ತರಿಸಬೇಕಾದ ಕೆಲಸವೂ ಇದರಿಂದ ಕಡಿಮೆಯಾಗುತ್ತದೆ.

ಮೊದಲ ಮೇಲ್‌ನಲ್ಲಿಯೇ ಎಚ್‌ಆರ್‌ಗೂ ಮ್ಯಾನೇಜರ್‌ನ ಮೇಲಿನವರಿಗೂ ಪ್ರತಿ ಹಾಕಬೇಕೇ ಎಂದು ಕೇಳುತ್ತಾರೆ. ಮೇಲಿನವರಿಗೆ ಬೇಡ, ಅದು ದೂರಿನಂತೆ ಕಾಣುತ್ತದೆ. ಎಚ್‌ಆರ್‌ಗೆ ಪ್ರತಿ ಹಾಕುವ ರೂಢಿ ನಿಮ್ಮಲ್ಲಿದ್ದರೆ ಹಾಕಿ, ಇಲ್ಲದಿದ್ದರೆ ಮ್ಯಾನೇಜರ್‌ಗೆ ಮಾತ್ರ ಸಾಕು.

ವಾಟ್ಸ್‌ಆಪ್ ಸಾಲುವುದಿಲ್ಲವೇ?

ದಿನಾಂಕಗಳಿರುವ ನಿಮ್ಮ ವಾಟ್ಸ್‌ಆಪ್ ಸಂದೇಶಕ್ಕೆ ಮ್ಯಾನೇಜರ್ "ಆಯಿತು" ಎಂದು ಉತ್ತರಿಸಿದ್ದರೆ, ಅದು ಉತ್ತರವಿಲ್ಲದ ಮೇಲ್‌ಗಿಂತ ಗಟ್ಟಿ. ಅದನ್ನು ಕಡೆಗಣಿಸಬೇಡಿ. ಆದರೆ ವಾಟ್ಸ್‌ಆಪ್‌ನಲ್ಲಿ ಸಂದೇಶಗಳು ತಾವಾಗಿ ಅಳಿಯುವಂತೆ ಹೊಂದಿಸಿರಬಹುದು, ಕಳುಹಿಸಿದವರು ಅಳಿಸಿಬಿಡಬಹುದು, ಮೊಬೈಲ್ ಬದಲಾದಾಗ ಹಳೆಯ ಮಾತುಕತೆ ಕಳೆದುಹೋಗಬಹುದು. ಹೆಬ್ಬೆರಳಿನ ಚಿತ್ರವೊಂದೇ ಬಂದಿದ್ದರೆ ಒಪ್ಪಿದ್ದೋ ಬರೀ ನೋಡಿದ್ದೋ ಎಂಬ ಅನುಮಾನವೂ ಉಳಿಯುತ್ತದೆ. ಆ ಉತ್ತರದ ಚಿತ್ರ ತೆಗೆದು ಮೇಲ್‌ಗೆ ಲಗತ್ತಿಸಿದರೆ ಎರಡೂ ಒಂದೇ ಕಡೆ ಸೇರುತ್ತವೆ.

ಮೇಲ್ ಕಳುಹಿಸಿದ ಮೇಲೆ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕೇ?

ಹಾಕಲೇಬೇಕು. ಪೋರ್ಟಲ್ ಅಥವಾ ರಜೆ ಪುಸ್ತಕ ಇರುವ ಕಡೆ ಮೇಲ್ ಅದರ ಬದಲಿಯಲ್ಲ. ಸರ್ಕಾರಿ ಕಚೇರಿಗಳಿಗೆ ತಮ್ಮದೇ ರಜೆ ನಿಯಮಗಳಿವೆ. ಅಲ್ಲಿ ಲಿಖಿತ ಅರ್ಜಿ ಮತ್ತು ಮಂಜೂರಾತಿಯ ದಾರಿ ಬಿಟ್ಟು ಈ ಮೇಲ್ ಒಂದನ್ನೇ ನಂಬಿ ಹೋಗಬೇಡಿ.

ರಾತ್ರೋರಾತ್ರಿ ಹೊರಡಬೇಕಾಗಿ ಬಂದರೆ?

ಮನೆಯಲ್ಲಿ ಸಾವು, ಆಸ್ಪತ್ರೆ, ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಬಂದ್. ಇಂಥ ಹೊತ್ತಿನಲ್ಲಿ ಮೇಲ್ ಬರೆಯುತ್ತಾ ಕೂರಬೇಕಿಲ್ಲ. ಫೋನ್ ಮಾಡಿ ಹೊರಡಿ. ಸಿಗ್ನಲ್ ಸಿಕ್ಕ ಮೊದಲ ಜಾಗದಲ್ಲಿ ಎರಡು ಸಾಲು ಬರೆಯಿರಿ: ಎಷ್ಟು ಹೊತ್ತಿಗೆ ಫೋನ್ ಮಾಡಿದಿರಿ, ಅವರು ಏನೆಂದರು, ಯಾವಾಗ ಮರಳಬಹುದು. ಮರಳುವ ದಿನ ಗೊತ್ತಿಲ್ಲದಿದ್ದರೆ "ಗುರುವಾರ ಸಂಜೆಯೊಳಗೆ ತಿಳಿಸುತ್ತೇನೆ" ಎನ್ನಿ, ಮತ್ತು ತಿಳಿಸಿ. ಆ ಕರೆ ಹೋದ ಸಮಯ ಮೊಬೈಲ್‌ನ ಕರೆಗಳ ಪಟ್ಟಿಯಲ್ಲಿರುತ್ತದೆ. ಅದು ಅಳಿದುಹೋಗುವ ಮೊದಲು ಚಿತ್ರ ತೆಗೆದಿಡಿ.

ರಜೆಯ ನಡುವೆ ದಿನ ಹೆಚ್ಚು ಬೇಕಾದರೆ?

ಅಂಗಳದಲ್ಲಿ ಅಡಿಕೆ ಒಣಗಲು ಹಾಕಿದಾಗ ಅಕಾಲದ ಮಳೆ ಬಂದರೆ ಇನ್ನೊಂದು ದಿನ ಬೇಕಾಗುತ್ತದೆ. ಹಳೆಯ ಒಪ್ಪಿಗೆ ಆ ದಿನಕ್ಕೆ ಅನ್ವಯಿಸುವುದಿಲ್ಲ. ಮತ್ತೆ ಕೇಳಬೇಕು, ಸಿಕ್ಕರೆ ಅದೇ ಮೇಲ್ ಸರಣಿಯಲ್ಲಿ ಬರೆಯಬೇಕು. ಹಾಗೆಯೇ ಕೊಟ್ಟ ರಜೆಯನ್ನು ಮ್ಯಾನೇಜರ್ ಕೆಲಸದ ಒತ್ತಡದಿಂದ ಹಿಂತೆಗೆದುಕೊಂಡರೆ "ಮೇಲ್ ಇದೆಯಲ್ಲ" ಎಂದು ಹೊರಟುಬಿಡಬೇಡಿ. ಒಪ್ಪಿಗೆ ಸಿಕ್ಕಿತ್ತು ಎಂಬುದಕ್ಕೆ ಮೇಲ್ ಸಾಕ್ಷಿ, ಅದನ್ನು ಬದಲಿಸಲು ಬಾರದು ಎಂಬುದಕ್ಕಲ್ಲ.

ಇಷ್ಟೆಲ್ಲ ಮಾಡಿಯೂ ಸಂಬಳ ಕಡಿತವಾದರೆ?

ಗೋದಾಮಿನ ಉದಾಹರಣೆಗೆ ಮರಳೋಣ. ಅವರ ಸಂಬಳ ತಿಂಗಳಿಗೆ 30,000 ರೂಪಾಯಿ, ತಿಂಗಳನ್ನು 30 ದಿನವೆಂದು ಎಣಿಸುತ್ತಾರೆ ಎಂದಿಟ್ಟುಕೊಳ್ಳಿ. ಮ್ಯಾನೇಜರ್ ಮೇಲ್‌ಗೆ ಉತ್ತರಿಸಿದರೂ ಪೋರ್ಟಲ್‌ನಲ್ಲಿ ಒಪ್ಪಿಗೆಯ ಗುಂಡಿ ಒತ್ತಲು ಮರೆತರು. ಹಾಜರಾತಿ ಮುಚ್ಚುವ ದಿನ ಅರ್ಜಿ ಬಾಕಿಯಲ್ಲಿಯೇ ಇತ್ತು. ಹೀಗಾಗಿ ನಾಲ್ಕು ದಿನಕ್ಕೆ ಲಾಸ್ ಆಫ್ ಪೇ ಬಿದ್ದು 4,000 ರೂಪಾಯಿ ಕಡಿಮೆ ಬಂತು.

ಈಗ ಹೊಸ ಮೇಲ್ ಬರೆಯಬೇಡಿ. ಹಳೆಯ ಸರಣಿಗೇ ಉತ್ತರಿಸಿ, ಸಂಬಳ ವಿಭಾಗವನ್ನು ಸೇರಿಸಿ. ಆಗ ಒಪ್ಪಿಗೆ, ತಿದ್ದುಪಡಿ, ದಿನಾಂಕ, ಸಮಯ ಎಲ್ಲವೂ ಕೆಳಗೆ ತಾವಾಗಿಯೇ ಇರುತ್ತವೆ. ಕೋಪದ ಮಾತು ಬೇಕಾಗುವುದೇ ಇಲ್ಲ: "ಕೆಳಗಿನ ಮೇಲ್‌ನಂತೆ ನವೆಂಬರ್ 13, 14, 15 ಮತ್ತು 17ಕ್ಕೆ ರಜೆ ಮಂಜೂರಾಗಿತ್ತು. ನವೆಂಬರ್ ಸಂಬಳದಲ್ಲಿ ಈ ನಾಲ್ಕು ದಿನಕ್ಕೆ 4,000 ರೂಪಾಯಿ ಕಡಿತವಾಗಿದೆ. ಇವನ್ನು ಗಳಿಕೆ ರಜೆಯಾಗಿ ಪರಿಗಣಿಸಿ, ನನ್ನ ರಜೆ ಖಾತೆಯಿಂದ ನಾಲ್ಕು ದಿನ ಕಳೆದು, ಮೊತ್ತವನ್ನು ಮುಂದಿನ ಸಂಬಳದಲ್ಲಿ ಸೇರಿಸಿಕೊಡಿ."

ರಜೆ ಖಾತೆಯಿಂದ ಕಳೆಯಿರಿ ಎಂದು ನೀವಾಗಿಯೇ ಹೇಳುವುದು ಮುಖ್ಯ. ಹಣ ವಾಪಸ್ ಬಂದು ರಜೆ ಖಾತೆ ಹಾಗೆಯೇ ಉಳಿದರೆ ಲೆಕ್ಕ ತಾಳೆಯಾಗುವುದಿಲ್ಲ, ವರ್ಷದ ಕೊನೆಗೆ ಮತ್ತೆ ಪ್ರಶ್ನೆ ಏಳುತ್ತದೆ. ಮುಂದಿನ ತಿಂಗಳ ಚೀಟಿಯಲ್ಲಿ ಎರಡನ್ನೂ ನೋಡಿಕೊಳ್ಳಿ.

ಇಂಥ ಮೇಲ್‌ಗೆ ಕಾನೂನಿನಲ್ಲಿ ಬೆಲೆ ಇದೆಯೇ?

ಇದೆ. ಬರವಣಿಗೆಯಲ್ಲಿರಬೇಕು ಎಂದು ಕಾನೂನು ಕೇಳುವ ವಿಷಯಗಳಲ್ಲಿ ಎಲೆಕ್ಟ್ರಾನಿಕ್ ದಾಖಲೆಗೂ ಮಾನ್ಯತೆಯಿದೆ ಎಂದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 4ನೇ ಸೆಕ್ಷನ್ ಹೇಳುತ್ತದೆ. ನ್ಯಾಯಾಲಯದಲ್ಲಿ ಅದನ್ನು ಸಾಕ್ಷ್ಯವಾಗಿ ಹಾಜರುಪಡಿಸುವ ಬಗೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್‌ನಲ್ಲಿದೆ. ಮುದ್ರಿತ ಪ್ರತಿಯ ಜೊತೆ ಪ್ರಮಾಣಪತ್ರವನ್ನೂ ಅದು ಕೇಳುತ್ತದೆ. ರಜೆಯ ತಕರಾರು ಸಾಮಾನ್ಯವಾಗಿ ಅಲ್ಲಿಯವರೆಗೆ ಹೋಗುವುದಿಲ್ಲ. ಅನಧಿಕೃತ ಗೈರುಹಾಜರಿ ಎಂದು ನೋಟಿಸ್ ಬಂದಾಗ ಮಾತ್ರ ಇದು ದೊಡ್ಡ ವಿಷಯವಾಗುತ್ತದೆ. ಅಂಥ ನೋಟಿಸ್ ಬಂದರೆ ಉತ್ತರಿಸುವ ಮೊದಲು ವಕೀಲರಿಗೆ ಮೇಲ್ ಸರಣಿಯನ್ನು ಪೂರ್ತಿ ತೋರಿಸಿ.

ಪ್ರತಿಯನ್ನು ಎಲ್ಲಿ, ಎಷ್ಟು ಕಾಲ ಇಟ್ಟುಕೊಳ್ಳಬೇಕು?

ಕಚೇರಿಯ ಮೇಲ್ ಖಾತೆ ನಿಮ್ಮದಲ್ಲ. ಕೆಲಸ ಬಿಟ್ಟ ದಿನವೇ ಅದು ಮುಚ್ಚಿಹೋಗಬಹುದು. ಆದ್ದರಿಂದ ರಜೆಯ ಮೇಲ್ ಅನ್ನು ಮುದ್ರಿಸಿ ಮನೆಯಲ್ಲಿಡಿ. ಮುದ್ರಿಸುವಾಗ ಮೇಲ್‌ನ ಮೇಲ್ಭಾಗದ ಹೆಸರು, ವಿಳಾಸ, ದಿನಾಂಕ, ಸಮಯ ಕಾಣುವಂತಿರಲಿ. ಸ್ವಂತ ಮೇಲ್‌ಗೆ ಕಳುಹಿಸಿಕೊಳ್ಳುವುದು ಸುಲಭ, ಆದರೆ ಕಚೇರಿಯ ಮೇಲ್ ಹೊರಗೆ ಕಳುಹಿಸಬಾರದು ಎಂಬ ನಿಯಮ ಕೆಲವು ಕಡೆ ಇದೆ. ಮೊದಲು ಅದನ್ನು ತಿಳಿದುಕೊಳ್ಳಿ. ರಜೆಯ ಮೇಲ್‌ನಲ್ಲಿ ಗ್ರಾಹಕರ ಹೆಸರು, ಸ್ಟಾಕಿನ ಅಂಕಿ, ಸಾಲದ ವಿವರ ಬೆರೆಸಬಾರದು ಎನ್ನುವುದು ಇದಕ್ಕೂ ಸೇರಿಯೇ.

ಆ ತಿಂಗಳ ಸಂಬಳ ಸರಿಯಾಗಿ ಬಂದರೆ ಮುಗಿಯಿತು ಎಂದುಕೊಳ್ಳಬೇಡಿ. ಗಳಿಕೆ ರಜೆಯ ಬಾಕಿ ವರ್ಷದಿಂದ ವರ್ಷಕ್ಕೆ ಮುಂದೆ ಹೋಗುತ್ತದೆ, ಕೆಲಸ ಬಿಡುವಾಗ ಅಂತಿಮ ಲೆಕ್ಕದಲ್ಲಿ ಅದೇ ಹಣವಾಗಿ ಕಾಣಿಸಿಕೊಳ್ಳುತ್ತದೆ. ಆ ಅಂತಿಮ ಲೆಕ್ಕ ಕೈಗೆ ಬಂದು, ರಜೆಯ ಬಾಕಿ ನಿಮ್ಮ ಎಣಿಕೆಗೆ ತಾಳೆಯಾಗುವವರೆಗೆ ಈ ಹಾಳೆಗಳನ್ನು ಎಸೆಯಬೇಡಿ.